ಮದುವೆ ಆಲ್ಬಮ್ ಲಿಂಕ್ ಕಳಿಸುವಾಗಲೇ ಕಳೆದ ವಸ್ತು ಕೇಳಬಹುದಾ?

ಪ್ರಶ್ನೆ: ನಾವು ಉಡುಪಿ ಕಡೆಯವರು, ಡೊಂಬಿವಲಿಯಲ್ಲಿದ್ದೇವೆ. ಎರಡು ವಾರದ ಹಿಂದೆ ಮಾಟುಂಗಾದ ಒಂದು ಹಾಲ್‌ನಲ್ಲಿ ಮಗಳ ಮದುವೆ ಆಯಿತು. ಅಳಿಯ ಪುಣೆಯ ಮರಾಠಿ ಹುಡುಗ. ಫೋಟೋಗ್ರಾಫರ್ ಈಗ ಡ್ರೈವ್ ಲಿಂಕ್ ಕೊಟ್ಟಿದ್ದಾರೆ, ಅದನ್ನು ಎಲ್ಲರಿಗೂ ವಾಟ್ಸಾಪ್ ಮಾಡಬೇಕು. ಈ ನಡುವೆ ನಾದಿನಿಯಿಂದ ತಂದಿದ್ದ ಬೆಳ್ಳಿ ಹರಿವಾಣ ಮತ್ತು ಒಂದು ಸೀರೆ ಬಾಕ್ಸ್ ಕಾಣಿಸುತ್ತಿಲ್ಲ. ಬೇರೆಯವರ ಒಂದು ಕೈಚೀಲ, ಒಂದು ಕನ್ನಡಕ, ಒಂದು ಚಿನ್ನದ ಜುಮುಕಿ ನಮ್ಮ ಹತ್ತಿರ ಉಳಿದಿವೆ. ಯಾರಿಗೂ ಬೇಜಾರಾಗದ ಹಾಗೆ ಒಂದೇ ಮೆಸೇಜ್‌ನಲ್ಲಿ ಎಲ್ಲ ಬರೆಯುವುದು ಹೇಗೆ?

ಉತ್ತರ:

ಒಂದೇ ಮೆಸೇಜ್ ಬೇಡ, ಎರಡು ಮಾಡಿ. ಆಲ್ಬಮ್ ಲಿಂಕ್ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ನಿಮ್ಮ ಅತ್ತಿಗೆ ಅದನ್ನು ತವರಿಗೆ ಕಳಿಸುತ್ತಾರೆ, ಅಲ್ಲಿಂದ ಅವರ ಪಕ್ಕದ ಮನೆಗೆ ಹೋಗುತ್ತದೆ. ಅದೇ ಮೆಸೇಜ್‌ನಲ್ಲಿ ‘ಹರಿವಾಣ ಕಾಣೆಯಾಗಿದೆ’ ಅಂತ ಇದ್ದರೆ ಅದೂ ಜೊತೆಗೇ ಹೋಗುತ್ತದೆ. ಮದುವೆಗೆ ಬರದವರೂ ಓದಿ, ‘ಡೊಂಬಿವಲಿಯವರ ಮದುವೆಯಲ್ಲಿ ಬೆಳ್ಳಿ ಕಳುವಾಯಿತಂತೆ’ ಅನ್ನುತ್ತಾರೆ. ನೀವು ಬರೆದಿದ್ದು ‘ಕಾಣಿಸುತ್ತಿಲ್ಲ’ ಅಂತ. ನಾಲ್ಕು ಫೋನ್ ದಾಟುವಷ್ಟರಲ್ಲಿ ಅದು ಕಳ್ಳತನ ಆಗಿರುತ್ತದೆ.

ಇನ್ನೂ ಒಂದು ಕಾರಣವಿದೆ. ಮುನ್ನೂರು ಜನ ಊಟಕ್ಕೆ ಬಂದಿರಬಹುದು. ಆದರೆ ಹರಿವಾಣ ಇಟ್ಟಿದ್ದ ಜಾಗದ ಹತ್ತಿರ ಸುಳಿದಾಡಿದವರು ಮೂವತ್ತು ಜನ ಇರಬಹುದು, ಅಷ್ಟೇ. ಹಾಲ್‌ನ ರೂಮಿನಲ್ಲಿ ಉಳಿದವರು, ಮಂಟಪದ ಹತ್ತಿರ ಓಡಾಡಿದವರು, ಕೊನೆಗೆ ಸಾಮಾನು ಕಟ್ಟಿದವರು. ಉಡುಗೊರೆ ಕೊಟ್ಟು, ಊಟ ಮಾಡಿ ಲೋಕಲ್ ಹಿಡಿದು ಹೋದ ಆಫೀಸಿನವರನ್ನು ಹರಿವಾಣದ ಬಗ್ಗೆ ಸುಮ್ನೆ ಯಾಕೆ ಕೇಳಬೇಕು, ಅಲ್ವಾ?

ಮೆಸೇಜ್ ಬರೆಯುವ ಮೊದಲು ಸ್ವಲ್ಪ ಕೆಲಸ ಇದೆ. ಮೊದಲ ಫೋನ್ ನಾದಿನಿಗೆ. ಅವರ ಮನೆಯ ವಸ್ತು ಕಾಣಿಸುತ್ತಿಲ್ಲ ಅನ್ನುವುದನ್ನು ಅವರು ವಾಟ್ಸಾಪ್‌ನಲ್ಲಿ ಓದಿ ತಿಳಿಯಬಾರದು. ‘ಹುಡುಕುತ್ತಾ ಇದ್ದೇನೆ, ಸಿಗದಿದ್ದರೆ ಜವಾಬ್ದಾರಿ ನನ್ನದು’ ಅಂತ ನೀವೇ ಹೇಳಿ. ಅವರೇ ತಗೊಂಡು ಹೋಗಿರುವ ಸಾಧ್ಯತೆಯೂ ಇದೆ. ತಮ್ಮ ವಸ್ತು ಕಣ್ಣಿಗೆ ಬಿತ್ತು, ಬ್ಯಾಗಿಗೆ ಹಾಕಿಕೊಂಡರು, ನಿಮಗೆ ಹೇಳುವುದು ಮರೆತರು. ಎರವಲು ತಂದ ವಸ್ತುಗಳಲ್ಲಿ ಹೀಗೆ ಆಗುವುದು ಜಾಸ್ತಿ.

ಆಮೇಲೆ ಮದುವೆಯ ಕೆಲಸಕ್ಕೆ ಬಂದವರಿಗೆ ಫೋನ್ ಮಾಡಿ. ಹಾಲ್‌ನ ಆಫೀಸಿನಲ್ಲಿ ಬಿಟ್ಟುಹೋದ ವಸ್ತುಗಳನ್ನು ಸಾಮಾನ್ಯವಾಗಿ ಒಂದು ಕಪಾಟಿನಲ್ಲಿ ಇಟ್ಟಿರುತ್ತಾರೆ. ಕೇಳದೆ ಅವರಾಗಿ ಫೋನ್ ಮಾಡುವುದು ಕಡಿಮೆ. ಅಡುಗೆಯವರನ್ನು ಕೇಳಲೇಬೇಕು. ಆರತಿ ಮುಗಿದ ಹರಿವಾಣವನ್ನು ಯಾರೋ ತೊಳೆಯಲು ಒಳಗೆ ಕೊಡುತ್ತಾರೆ, ಅದು ಅವರ ಸ್ಟೀಲ್ ತಟ್ಟೆಗಳ ಜೊತೆ ಟೆಂಪೋ ಹತ್ತುತ್ತದೆ. ಎಣ್ಣೆ ಕುಂಕುಮ ಮೆತ್ತಿದ ಬೆಳ್ಳಿ ಅವಸರದಲ್ಲಿ ಸ್ಟೀಲ್ ಹಾಗೇ ಕಾಣುತ್ತದೆ. ಪುರೋಹಿತರ ಚೀಲ, ಹೂವಿನ ಅಲಂಕಾರದವರ ಬುಟ್ಟಿ, ಇವೆರಡೂ ಹರಿವಾಣ ಸೇರಿಕೊಳ್ಳುವ ಜಾಗಗಳೇ. ಸೀರೆ ಬಾಕ್ಸ್‌ಗೆ ಮೇಕಪ್‌ನವರನ್ನು ಕೇಳಿ. ಕೇಳುವಾಗ ‘ನೀವು ತಗೊಂಡು ಹೋದ್ರಾ’ ಅನ್ನಬೇಡಿ. ‘ನಿಮ್ಮ ಸಾಮಾನಿನ ಜೊತೆ ನಮ್ಮದೊಂದು ಹರಿವಾಣ ಸೇರಿರಬಹುದು, ಒಮ್ಮೆ ನೋಡ್ತೀರಾ’ ಅಂತ ಕೇಳಿ. ಎಷ್ಟೋ ಸಲ ವಸ್ತು ಇಲ್ಲೇ ಸಿಕ್ಕಿ, ನೆಂಟರಿಗೆ ಕಳಿಸಬೇಕಾದ ಮೆಸೇಜ್ ಚಿಕ್ಕದಾಗುತ್ತದೆ.

ಇಲ್ಲೂ ಸಿಗದಿದ್ದರೆ ಆಲ್ಬಮ್ಮನ್ನೇ ಹುಡುಕಲು ಬಳಸಿ. ಪ್ರತಿ ಡಿಜಿಟಲ್ ಫೋಟೋದ ಒಳಗೆ ತೆಗೆದ ಸಮಯ ದಾಖಲಾಗಿರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಫೋಟೋ ತೆರೆದು ಮೇಲಕ್ಕೆ ಸರಿಸಿದರೆ ದಿನ, ಗಂಟೆ, ನಿಮಿಷ ಕಾಣುತ್ತವೆ. ಫೋಟೋಗ್ರಾಫರ್ ಕೊಟ್ಟ ಮೂಲ ಫೈಲನ್ನೇ ನೋಡಿ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಬಂದಿದ್ದರಲ್ಲಿ ಆ ಮೂಲ ಸಮಯ ಉಳಿದಿರುವುದಿಲ್ಲ, ನಿಮಗೆ ಬಂದು ತಲುಪಿದ ಹೊತ್ತು ಮಾತ್ರ ಕಾಣಬಹುದು.

ಒಂದು ತೊಡಕಿದೆ. ಕ್ಯಾಮೆರಾದ ಗಡಿಯಾರ ಸರಿ ಇರುತ್ತದೆ ಅನ್ನುವಂತಿಲ್ಲ. ಇಬ್ಬರು ಫೋಟೋಗ್ರಾಫರ್ ಇದ್ದರೆ ಎರಡು ಕ್ಯಾಮೆರಾ ಎರಡು ಸಮಯ ಹೇಳಬಹುದು. ಆದ್ದರಿಂದ ಒಂದು ನಿಶ್ಚಿತ ಕ್ಷಣ ಹಿಡಿಯಿರಿ, ಧಾರೆ ಎರೆದದ್ದೋ, ಮಾಂಗಲ್ಯ ಕಟ್ಟಿದ್ದೋ. ಅದೇ ಕ್ಷಣವನ್ನು ನೆಂಟರಲ್ಲಿ ಯಾರಾದರೂ ಫೋನಿನಲ್ಲೂ ತೆಗೆದಿರುತ್ತಾರೆ. ಫೋನ್ ಸಮಯ ನೆಟ್‌ವರ್ಕ್‌ನಿಂದ ಬರುವುದರಿಂದ ಅದನ್ನು ನಂಬಬಹುದು. ಮಾಂಗಲ್ಯಧಾರಣೆ ಫೋನಿನಲ್ಲಿ 11:24, ಕ್ಯಾಮೆರಾದಲ್ಲಿ 11:09 ಇದೆ ಅಂದುಕೊಳ್ಳಿ. ಆಗ ಕ್ಯಾಮೆರಾ 15 ನಿಮಿಷ ಹಿಂದೆ ಇದೆ. ಈಗ ಹರಿವಾಣ ಹುಡುಕಿ. ಆರತಿಯ ಹೊತ್ತಿಗೆ ಇದೆ. ವೇದಿಕೆಯ ಪಕ್ಕದ ಮೇಜಿನ ಮೇಲೆ ಕೊನೆಯ ಸಲ ಕಾಣಿಸಿದ್ದು ಕ್ಯಾಮೆರಾದ 12:50ಕ್ಕೆ, ಅಂದರೆ ನಿಜವಾಗಿ 1:05ಕ್ಕೆ. 1:40ರ ಫೋಟೋದಲ್ಲಿ ಮೇಜು ಖಾಲಿ, ಅಂದರೆ 1:55. ಆ 50 ನಿಮಿಷದಲ್ಲಿ ಏನು ನಡೆಯುತ್ತಿತ್ತು? ಊರಿನವರು ಮತ್ಸ್ಯಗಂಧ ಹಿಡಿಯಬೇಕು ಅಂತ ಊಟ ಮುಗಿಸಿ ಗಡಿಬಿಡಿಯಲ್ಲಿ ಸಾಮಾನು ಕಟ್ಟುತ್ತಿದ್ದರು. ಆ ರೈಲು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಧ್ಯಾಹ್ನವೇ ಹೊರಡುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬುವ ಹೊತ್ತು ಅದು. ಹಾಗಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಾಯಿತು.

ಈ ಫೋಟೋಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಮೇಜಿನ ಪಕ್ಕ ಯಾರೋ ನಿಂತಿರುವ ಫೋಟೋಕ್ಕೆ ಕೆಂಪು ವೃತ್ತ ಹಾಕಿ ಗ್ರೂಪಿಗೆ ಬಿಟ್ಟರೆ ಆ ನೆಂಟಸ್ತಿಕೆ ಮುಗಿದ ಹಾಗೆ. ಹತ್ತಿರ ನಿಂತವರು ತಗೊಂಡವರು ಅಂತ ಅರ್ಥವಲ್ಲ. ಫೋಟೋ ಹೇಳುವುದು ಹೊತ್ತನ್ನು ಮಾತ್ರ. ಮೆಸೇಜ್‌ಗೆ ಹರಿವಾಣದ ಫೋಟೋ ಬೇಕೇ ಬೇಕು, ಆದರೆ ಮುಖಗಳಿಲ್ಲದೆ ವಸ್ತು ಮಾತ್ರ ಕಾಣುವಂತೆ ಕತ್ತರಿಸಿ ಹಾಕಿ. ಅಂಚಿನ ಕೆತ್ತನೆ ಸ್ಪಷ್ಟ ಕಾಣಲಿ.

ಇನ್ನು ಲಿಂಕ್ ವಿಷಯ. ಫೋಟೋಗ್ರಾಫರ್ ಕೊಟ್ಟ ಡ್ರೈವ್ ಲಿಂಕನ್ನೇ ಎಲ್ಲರಿಗೂ ಕಳಿಸಬೇಡಿ. ಅದು ಅವರ ಖಾತೆಯಲ್ಲಿದೆ, ಜಾಗ ಬೇಕಾದಾಗ ಅಳಿಸುತ್ತಾರೆ. ಅದರಲ್ಲಿ ತೆಗೆದದ್ದೆಲ್ಲ ಇರುತ್ತದೆ: ಅರಿಶಿನ ಎಣ್ಣೆ ಶಾಸ್ತ್ರದ ಒದ್ದೆ ಬಟ್ಟೆಯ ಫೋಟೋ, ರೂಮಿನಲ್ಲಿ ಸೀರೆ ಉಡಿಸುವಾಗಿನದು, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡ ಮಾವನವರು. ಪೂರ್ತಿ ಫೋಲ್ಡರನ್ನು ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಅದರಲ್ಲಿ ಐನೂರು ಆರುನೂರು ಆರಿಸಿ ಗೂಗಲ್ ಫೋಟೋಸ್‌ನಲ್ಲಿ ನಿಮ್ಮದೇ ಆಲ್ಬಮ್ ಮಾಡಿ. ಗೂಗಲ್ ಉಚಿತವಾಗಿ ಕೊಡುವ ಜಾಗ 15 ಜಿಬಿ, ಅದರಲ್ಲಿ ನಿಮ್ಮ ಮೇಲ್ ಕೂಡ ಸೇರಿದೆ. ಒಂದೊಂದು ಫೋಟೋ 10 ಎಂಬಿ ಇದ್ದರೂ ಆರುನೂರಕ್ಕೆ 6 ಜಿಬಿ ಆಯಿತು. ಆರಿಸಿದ್ದು ಹಿಡಿಸುತ್ತದೆ, ತೆಗೆದದ್ದೆಲ್ಲ ಹಿಡಿಸುವುದಿಲ್ಲ. ಆರಿಸುವ ಕೆಲಸಕ್ಕೆ ಮಗಳನ್ನೂ ಕೂರಿಸಿಕೊಳ್ಳಿ. ಫೋಟೋ ಅವಳದ್ದು, ಕೊನೆಯ ಮಾತೂ ಅವಳದ್ದೇ ಆಗಲಿ.

ಆಲ್ಬಮ್‌ನ ಆಯ್ಕೆಗಳಲ್ಲಿ Collaborate ಆಫ್ ಇರಲಿ. ಇಲ್ಲದಿದ್ದರೆ ಲಿಂಕ್ ಸಿಕ್ಕವರು ತಮ್ಮ ಫೋಟೋಗಳನ್ನೂ ಅದಕ್ಕೆ ಸೇರಿಸಬಹುದು. ಫೋಟೋ ತೆಗೆದ ಜಾಗ ತೋರಿಸುವ ಆಯ್ಕೆಯನ್ನೂ ಆಫ್ ಮಾಡಿ. ಮನೆಯಲ್ಲಿ ಫೋನಿನಿಂದ ತೆಗೆದ ಫೋಟೋಗಳಲ್ಲಿ ಮನೆಯ ಜಾಗವೇ ದಾಖಲಾಗಿರುತ್ತದೆ. ಮದುವೆ ಒಡವೆ ಹಾಕಿಕೊಂಡ ಫೋಟೋ ಜೊತೆ ಅದು ಊರೆಲ್ಲ ಸುತ್ತುವುದು ಬೇಡ.

ಕಳಿಸುವ ಮೊದಲು ಲಿಂಕನ್ನು ನಿಮ್ಮ ಖಾತೆ ಇಲ್ಲದ ಬೇರೆ ಫೋನಿನಲ್ಲಿ ತೆರೆದು ನೋಡಿ. ನಿಮ್ಮ ಫೋನಿನಲ್ಲಿ ಅದು ಯಾವಾಗಲೂ ತೆರೆಯುತ್ತದೆ, ಅದನ್ನು ನಂಬಿ ಮೋಸ ಹೋಗುವವರೇ ಜಾಸ್ತಿ. ಆಲ್ಬಮ್ ಬದಲು ನಿಮ್ಮದೇ ಡ್ರೈವ್ ಫೋಲ್ಡರ್ ಬಳಸುವುದಾದರೆ, ಅದು Restricted ಇದ್ದರೆ ಎಲ್ಲರಿಗೂ ಅನುಮತಿ ಕೇಳುವ ಪುಟ ಬರುತ್ತದೆ, ಅಷ್ಟೂ ಜನರ ಕೋರಿಕೆ ನಿಮ್ಮ ಮೇಲ್‌ಗೆ ಬಂದು ಬೀಳುತ್ತದೆ. Anyone with the link ಇರಬೇಕು, ಅದರ ಪಕ್ಕ Viewer ಇರಬೇಕು. Editor ಆಗಿದ್ದರೆ ಯಾರದೋ ಬೆರಳು ತಾಗಿ ಫೋಟೋಗಳು ಮಾಯವಾಗುತ್ತವೆ.

ಕಳಿಸುವುದು ಗ್ರೂಪಿನಲ್ಲಲ್ಲ, ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ. ಗ್ರೂಪಿನಲ್ಲಿ ‘ಅಯ್ಯೋ, ಹರಿವಾಣ ನನ್ನ ಬ್ಯಾಗಲ್ಲಿದೆ’ ಅಂತ ಎಲ್ಲರ ಮುಂದೆ ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಎರಡು ವಾರ ಚೀಲ ಬಿಚ್ಚದೆ ಇದ್ದವರಿಗೆ ಮುಜುಗರ ಇನ್ನೂ ಜಾಸ್ತಿ. ಬ್ರಾಡ್‌ಕಾಸ್ಟ್‌ನಲ್ಲಿ ಉತ್ತರ ನಿಮಗೊಬ್ಬರಿಗೇ ಬರುತ್ತದೆ. ವಸ್ತು ವಾಪಸ್ ಬರುವುದಕ್ಕೆ ಇದರಷ್ಟು ನೆರವಾಗುವುದು ಬೇರೆ ಇಲ್ಲ. ಒಂದು ಲಿಸ್ಟಿಗೆ 256 ಜನ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಇದು ಮುಖ್ಯ. ಕಳಿಸಿದ ಮೇಲೆ ಮೆಸೇಜ್ ಒತ್ತಿ ಹಿಡಿದು ಇನ್ಫೋ ನೋಡಿದರೆ ಯಾರಿಗೆ ತಲುಪಿದೆ ಅಂತ ಗೊತ್ತಾಗುತ್ತದೆ. ಉಳಿದವರಿಗೆ ಬೇರೆಯಾಗಿ ಕಳಿಸಿ.

ಮೊದಲನೆಯದು ಎಲ್ಲರಿಗೂ:

“ನಮಸ್ಕಾರ. ಮಗಳ ಮದುವೆಗೆ ಬಂದು ಹರಸಿದ್ದಕ್ಕೆ ತುಂಬಾ ಸಂತೋಷ. ಮದುವೆಯ ಫೋಟೋಗಳು ಈ ಲಿಂಕ್‌ನಲ್ಲಿವೆ:

(ಆಲ್ಬಮ್ ಲಿಂಕ್)

ನಿಮ್ಮ ಫೋಟೋ ಬೇಕಾದರೆ ಇಳಿಸಿಕೊಳ್ಳಿ. ಲಿಂಕ್ ಮನೆಯವರ ಮಟ್ಟಿಗೆ ಇರಲಿ, ದಯವಿಟ್ಟು ಬೇರೆ ಕಡೆ ಹಾಕಬೇಡಿ. ಹಾಲ್‌ನಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ನನಗೊಂದು ಮೆಸೇಜ್ ಮಾಡಿ, ಕೆಲವು ವಸ್ತುಗಳು ನಮ್ಮ ಹತ್ತಿರ ಇವೆ.”

ಲಿಂಕ್ ಒಂದು ಸಾಲಿನಲ್ಲಿ ಒಂದೇ ಇರಲಿ, ಅದಕ್ಕೆ ಅಂಟಿಕೊಂಡು ಪೂರ್ಣವಿರಾಮವೋ ಅಕ್ಷರವೋ ಬೇಡ. ಕೆಲವು ಫೋನ್‌ಗಳಲ್ಲಿ ಅದೂ ಲಿಂಕಿಗೆ ಸೇರಿಕೊಂಡು ಪುಟ ತೆರೆಯುವುದಿಲ್ಲ. ಇಲ್ಲಿ ನೀವು ಏನನ್ನೂ ಕೇಳುತ್ತಿಲ್ಲ, ಕೊಡುತ್ತೇನೆ ಅನ್ನುತ್ತಿದ್ದೀರಿ. ಕನ್ನಡಕದವರು ಇದರಲ್ಲೇ ಸಿಗುತ್ತಾರೆ. ಜುಮುಕಿ, ಚೀಲ ಅಂತ ಹೆಸರು ಹೇಳದೆ ಇರುವುದು ಬೇಕೆಂದೇ. ಹತ್ತು ಜನರಿಗೆ ಹರಡಬಹುದಾದ ಮೆಸೇಜ್‌ನಲ್ಲಿ ಚಿನ್ನದ ಸುದ್ದಿ ಬೇಡ. ಜುಮುಕಿ ಕೇಳಿಕೊಂಡು ಬಂದವರಿಗೂ ಫೋಟೋ ತೋರಿಸುವ ಮೊದಲು ‘ಹೇಗಿದೆ ಹೇಳಿ, ಜೋಡಿಯ ಇನ್ನೊಂದರ ಫೋಟೋ ಕಳಿಸಿ’ ಅನ್ನಿ. ಹಾಗೆ ಕೇಳಿದರೆ ನಿಜವಾಗಿ ಕಳಕೊಂಡವರಿಗೆ ಬೇಜಾರಾಗುವುದಿಲ್ಲ, ಅವರಿಗೆ ಧೈರ್ಯವೇ ಬರುತ್ತದೆ.

ಎರಡನೆಯದು ಮರುದಿನ, ಆ ಮೂವತ್ತು ಜನರಿಗೆ ಮಾತ್ರ:

“ಫೋಟೋ ನೋಡಿದಿರಿ ಅಂದುಕೊಂಡಿದ್ದೇನೆ. ಒಂದು ಸಣ್ಣ ಕೆಲಸ. ಮದುವೆ ದಿನ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಒಂದರೊಳಗೊಂದು ಸೇರಿಹೋಗಿವೆ. ಒಂದು ಕೈಚೀಲ ನಮ್ಮ ಸಾಮಾನಿನ ಜೊತೆ ಬಂದಿದೆ. ಹಾಗೆಯೇ ಒಂದು ಬೆಳ್ಳಿ ಹರಿವಾಣ (ಫೋಟೋ ಹಾಕಿದ್ದೇನೆ) ಮತ್ತು ಒಂದು ಸೀರೆ ಬಾಕ್ಸ್ ನಿಮ್ಮ ಬ್ಯಾಗಿಗೆ ಸೇರಿರಬಹುದು. ಬ್ಯಾಗಿನ ಅಡಿ, ಮಡಚಿದ ಸೀರೆಗಳ ನಡುವೆ ಒಮ್ಮೆ ನೋಡಿ. ಇದ್ದರೆ ನನಗೆ ತಿಳಿಸಿ, ತರಿಸಿಕೊಳ್ಳುವ ವ್ಯವಸ್ಥೆ ನಾನೇ ಮಾಡುತ್ತೇನೆ. ಇಲ್ಲದಿದ್ದರೆ ಉತ್ತರ ಬರೆಯುವ ತೊಂದರೆ ತಗೊಳ್ಳಬೇಡಿ.”

ಕೊನೆಯ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ಸುಮ್ಮನಿದ್ದವರ ಮೇಲೆ ಅನುಮಾನ ಅಂತ ಆಗುತ್ತದೆ, ಮೂವತ್ತು ಜನ ‘ನಮ್ಮಲ್ಲಿಲ್ಲ’ ಅಂತ ಪ್ರಮಾಣ ಮಾಡಲು ಶುರು ಮಾಡುತ್ತಾರೆ. ನಿಮ್ಮ ಕಡೆಯೂ ಬೇರೆಯವರ ಚೀಲ ಬಂದಿದೆ ಅಂತ ಮೊದಲೇ ಹೇಳಿದ್ದರಿಂದ ಓದುವವರಿಗೆ ಇದು ಎಲ್ಲರಿಗೂ ಆದದ್ದು ಅನ್ನಿಸುತ್ತದೆ. ‘ಬೇಗ ವಾಪಸ್ ಮಾಡಿ’ ಬೇಡ. ‘ತುಂಬಾ ಬೆಲೆಬಾಳುವಂಥದ್ದು’ ಬೇಡ. ನಾದಿನಿಯದು ಅಂತಲೂ ಬರೆಯಬೇಡಿ, ಅದು ನಿಮ್ಮ ಮತ್ತು ಅವರ ನಡುವಿನ ಮಾತು. ‘ಹರಿವಾಣ’ ಅಂದರೆ ಊರಿನ ಹಿರಿಯರಿಗೆ ತಟ್ಟನೆ ತಿಳಿಯುತ್ತದೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಫೋಟೋನೇ ಗತಿ.

ಬೀಗರ ಕಡೆಗೆ ಈ ಎರಡನೆಯ ಮೆಸೇಜ್ ಹೋಗಲೇಬಾರದು. ಹುಡುಗಿಯ ತಾಯಿಯಿಂದ ಬಂದ ಪಟ್ಟಿ ಎಷ್ಟೇ ನಯವಾಗಿದ್ದರೂ ಅಲ್ಲಿ ಬೇರೆಯಾಗಿ ಕೇಳಿಸುತ್ತದೆ. ಅನುವಾದ ಮಾಡಿದ ಮರಾಠಿಯಲ್ಲಿದ್ದರಂತೂ ಇನ್ನೂ ಒರಟು. ಅವರಿಗೆ ಆಲ್ಬಮ್ ಲಿಂಕ್ ಅಳಿಯ ಮಗಳು ಇಬ್ಬರೂ ಸೇರಿ ಕಳಿಸಲಿ. ಸೀರೆ ಬಾಕ್ಸ್ ವಿಷಯ ಮಗಳು ಅಳಿಯನಿಗೆ ಮಾತಿನಲ್ಲಿ ಹೇಳಲಿ, ಅವನು ತನ್ನ ಅಮ್ಮನ ಹತ್ತಿರ ಕೇಳಲಿ. ಹುಡುಗಿಯ ಜೊತೆ ಹೋದ ಪೆಟ್ಟಿಗೆಗಳಲ್ಲೇ ಆ ಬಾಕ್ಸ್ ಇರುವ ಸಾಧ್ಯತೆ ದೊಡ್ಡದು. ಮನೆ ತುಂಬಿಸಿಕೊಂಡ ದಿನ ಕಪಾಟಿಗೆ ಹೋದ ಪೆಟ್ಟಿಗೆಗಳನ್ನು ಎಷ್ಟೋ ಮನೆಗಳಲ್ಲಿ ತಿಂಗಳಾದರೂ ಬಿಚ್ಚಿರುವುದಿಲ್ಲ.

ಯಾರಾದರೂ ‘ಇದೆ’ ಅಂದರೆ ತರುವ ಹೊಣೆ ಅವರ ತಲೆಗೆ ಹಾಕಬೇಡಿ. ಥಾಣೆ, ಮುಲುಂಡ್‌ನವರಾದರೆ ನೀವೇ ಹೋಗಿ, ಒಂದು ಲೋಟ ಕಾಫಿ ಕುಡಿದು ಬನ್ನಿ. ಉಡುಪಿಯಲ್ಲಿದ್ದರೆ ಊರಿಂದ ಮುಂಬೈಗೆ ಬರುವವರು ವಾರಕ್ಕೊಬ್ಬರಾದರೂ ಇರುತ್ತಾರೆ, ಅವರ ಕೈಯಲ್ಲಿ ತರಿಸಿ. ಸೀರೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿಸಬಹುದು. ಬೆಳ್ಳಿ ಬಂಗಾರವನ್ನು ಖಾಸಗಿ ಕೊರಿಯರ್‌ನವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸ್ಟೀಲ್ ಅಂತ ಸುಳ್ಳು ಹೇಳಿ ಕಳಿಸಿದರೆ ಕಳೆದಾಗ ಕೇಳುವ ಹಾಗೂ ಇಲ್ಲ. ಕೈಯಿಂದ ಕೈಗೇ ಬರಲಿ.

ವಸ್ತು ಸಿಕ್ಕಿದ ಮೇಲೆ ಅದೇ ಲಿಸ್ಟಿಗೆ ‘ಹರಿವಾಣ ಸಿಕ್ಕಿತು, ಹುಡುಕಿದ ಎಲ್ಲರಿಗೂ ಥ್ಯಾಂಕ್ಸ್’ ಅಂತ ಕಳಿಸಿ. ಎಲ್ಲಿ, ಯಾರ ಹತ್ತಿರ ಅಂತ ಬರೆಯಬೇಡಿ, ಕೇಳಿದರೂ ಹೇಳಬೇಡಿ. ಈ ಮೆಸೇಜ್ ಕಳಿಸದಿದ್ದರೆ ಆರು ತಿಂಗಳ ನಂತರ ಇನ್ನೊಂದು ಮದುವೆಯಲ್ಲಿ ಯಾರಾದರೂ ‘ಆ ಹರಿವಾಣ ಏನಾಯ್ತು’ ಅಂತ ಎಲ್ಲರೆದುರು ಕೇಳುತ್ತಾರೆ.

ಸಿಗಲಿಲ್ಲ ಅಂದರೆ ಹತ್ತು ದಿನ ಬಿಟ್ಟು ಒಂದು ನೆನಪಿನ ಮೆಸೇಜ್, ಅಷ್ಟೇ. ಎರಡನೇ ನೆನಪು ಬಾಕಿ ವಸೂಲಿ ಹಾಗೆ ಕೇಳಿಸುತ್ತದೆ. ಬೀಗ ಒಡೆದಿತ್ತು, ಪರ್ಸ್‌ನಿಂದ ಹಣವೂ ಹೋಗಿದೆ, ಹೀಗೇನಾದರೂ ಗೊತ್ತಾದರೆ ಮಾತ್ರ ವಿಷಯ ಬೇರೆ. ಆಗ ಮೆಸೇಜ್ ನಿಲ್ಲಿಸಿ ಹಾಲ್ ಇರುವ ವ್ಯಾಪ್ತಿಯ ಪೊಲೀಸ್ ಠಾಣೆಗೆ ಹೋಗಿ. ಹಾಲ್‌ನವರಿಗೆ ಸಿಸಿಟಿವಿ ದೃಶ್ಯ ಉಳಿಸಿಡಲು ಅದೇ ದಿನ ಬರೆದು ಕೊಡಿ. ಹಳೆಯ ದೃಶ್ಯದ ಮೇಲೆ ಹೊಸದು ತುಂಬಿಕೊಳ್ಳುತ್ತಾ ಹೋಗುತ್ತದೆ, ಎರಡು ವಾರ ಈಗಾಗಲೇ ಕಳೆದಿದೆ.

ಬರೀ ಗಡಿಬಿಡಿಯಲ್ಲಿ ಹೋದದ್ದಾದರೆ ನಾದಿನಿಯನ್ನು ಹರಿವಾಣದ ತೂಕ ಕೇಳಿಟ್ಟುಕೊಳ್ಳಿ. ಅವರಿಗೆ ಗೊತ್ತಿಲ್ಲದಿದ್ದರೆ ಆಲ್ಬಮ್‌ನಲ್ಲಿ ಅದರ ಮೇಲೆ ತೆಂಗಿನಕಾಯಿ, ಕಲಶ ಇಟ್ಟ ಫೋಟೋ ತೋರಿಸಿದರೆ ಬೆಳ್ಳಿ ಅಂಗಡಿಯವರು ಅಳತೆ ಅಂದಾಜು ಮಾಡುತ್ತಾರೆ. ಅವರ ಮನೆಯ ಮುಂದಿನ ಶುಭಕಾರ್ಯದ ಒಳಗೆ ಅದೇ ತೂಕದ್ದು ತಂದು ಕೊಟ್ಟುಬಿಡಿ. ‘ಬೇಡ ಬೇಡ’ ಅನ್ನುತ್ತಾರೆ, ಆದರೂ ಕೊಡಿ. ಆಮೇಲೆ ಹಳೆಯದು ಸಿಕ್ಕರೆ ಅದನ್ನೂ ಅವರಿಗೇ ಕೊಟ್ಟು, ಎರಡರಲ್ಲಿ ಯಾವುದು ವಾಪಸ್ ಅಂತ ಅವರೇ ಹೇಳಲಿ.